ಅಡಾಪ್ಟರ್ ಚುಚ್ಚಿದರೆ ಅದರ ಲೈಟೇ ಆರಿಹೋಗುತ್ತೆ: ಬೋರ್ಡ್ ಬದಲಿಸಬೇಕಾ, ಚಿಪ್ ಲೆವೆಲ್‌ನಲ್ಲಿ ಆಗುತ್ತಾ?

ಶರಾವತಿ_ಎಸ್
ಎಲ್ಲರಿಗೂ ನಮಸ್ಕಾರ. 2020ರಲ್ಲಿ ಕೊಂಡ ಲ್ಯಾಪ್‌ಟಾಪ್, ಐ5 ಪ್ರೊಸೆಸರ್, 19 ವೋಲ್ಟ್ ಅಡಾಪ್ಟರ್. ರಾತ್ರಿ ಚಾರ್ಜಿಗೆ ಹಾಕಿ ಮಲಗಿದ್ದೆ, ಬೆಳಿಗ್ಗೆ ನೋಡಿದರೆ ಸತ್ತುಹೋಗಿದೆ. ನೀರು, ಕಾಫಿ ಏನೂ ಬಿದ್ದಿಲ್ಲ. ಗೋಡೆಯ ಪ್ಲಗ್ಗಿಗೆ ಹಾಕಿದಾಗ ಅಡಾಪ್ಟರಿನ ಹಸಿರು ಲೈಟ್ ಚೆನ್ನಾಗಿಯೇ ಉರಿಯುತ್ತೆ. ಪಿನ್ನನ್ನು ಲ್ಯಾಪ್‌ಟಾಪಿಗೆ ಚುಚ್ಚಿದರೆ ಆರಿಹೋಗುತ್ತೆ, ತೆಗೆದರೆ ಮತ್ತೆ ಬರುತ್ತೆ.

ಕಂಪನಿಯ ಸರ್ವಿಸ್ ಸೆಂಟರಿನವರು "ಬೋರ್ಡ್ ಹೋಗಿದೆ, 24,000 ಆಗುತ್ತೆ, ಬೇರೆ ದಾರಿ ಇಲ್ಲ" ಅಂದರು. ನಮ್ಮೂರಿನ ಅಂಗಡಿಯವರು "ಚಿಪ್ ಲೆವೆಲ್ ಮಾಡ್ಕೊಡ್ತೀವಿ, ಮೂರು ಸಾವಿರದೊಳಗೆ ಆಗುತ್ತೆ" ಅಂತಾರೆ. ಇಷ್ಟೊಂದು ವ್ಯತ್ಯಾಸ ಹೇಗೆ? ಇವರಲ್ಲಿ ಯಾರೋ ಒಬ್ಬರು ಸುಳ್ಳು ಹೇಳ್ತಿದ್ದಾರೆ ಅಲ್ವಾ?

ಹುಬ್ಳಿಹುಡುಗ
ಇದು ಚಾರ್ಜಿಂಗ್ ಐಸಿ, ನೂರಕ್ಕೆ ನೂರು. ನನ್ನ ಹಳೆಯ ಲ್ಯಾಪ್‌ಟಾಪಿಗೂ ಹೀಗೇ ಆಗಿತ್ತು. ಐಸಿ ಬದಲಿಸಿದರು, ಸರಿಹೋಯಿತು. 24 ಸಾವಿರ ಕೊಡಬೇಡಿ ಮೇಡಂ.

ಬೆಸುಗೆಭಟ್ರು
ಇಬ್ಬರೂ ಸುಳ್ಳು ಹೇಳ್ತಿಲ್ಲ. ಸರ್ವಿಸ್ ಸೆಂಟರಿನ ಹುಡುಗನ ಕೈಯಲ್ಲಿ ಬೋರ್ಡಿನ ನಕ್ಷೆಯೂ ಇರಲ್ಲ, ಬಿಸಿಗಾಳಿ ಗನ್ನೂ ಇರಲ್ಲ. ಅವನ ಪಾಲಿಗೆ ಬೋರ್ಡ್ ಅನ್ನೋದೇ ಒಂದು ಬಿಡಿಭಾಗ. ಹಳೆಯದನ್ನು ಬಿಚ್ಚಿ ಹೊಸದು ಕೂರಿಸೋದು ಅವನ ಕೆಲಸ. ಅಂಗಡಿಯವನು ಅದೇ ಬೋರ್ಡಿನ ಮೇಲಿನ ಒಂದು ಭಾಗ ಹುಡುಕಿ ತೆಗೀತಾನೆ. ಆದರೆ ಬೋರ್ಡ್ ಅಳೆದು ನೋಡದೆ ಅಂಗಡಿಯವನು ಬೆಲೆ ಹೇಳಿದ್ದರೆ ಅದೂ ಸುಮ್ನೆ ಅಂದಾಜು.

ಒಂದು ವಿಷಯ ಹೇಳಿ. ಚುಚ್ಚಿದ ಕ್ಷಣಕ್ಕೇ ಲೈಟ್ ಆರುತ್ತಾ, ಒಂದು ಗಳಿಗೆ ಬಿಟ್ಟು ಆರುತ್ತಾ? ಮನೆಯಲ್ಲಿ ಮಲ್ಟಿಮೀಟರ್ ಇದೆಯಾ?

ಶರಾವತಿ_ಎಸ್
ಈಗ ಗಮನ ಕೊಟ್ಟು ನೋಡಿದೆ. ಅರ್ಧ ಸೆಕೆಂಡ್ ಉರಿದು ಆಮೇಲೆ ಆರುತ್ತೆ. ಮಲ್ಟಿಮೀಟರ್ ಇದೆ. ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡ್ತೀನಿ, ಅಳೆಯೋಕೆ ಭಯವಿಲ್ಲ. ಬೆಸುಗೆ ಹಾಕೋಕೆ ಮಾತ್ರ ಕೈ ನಡುಗುತ್ತೆ.

ಬೆಸುಗೆಭಟ್ರು
ಹಾಗಾದರೆ ಅರ್ಧ ಕೆಲಸ ಆದ ಹಾಗೆ. ಅಡಾಪ್ಟರಿನಿಂದ ಬಂದ 19 ವೋಲ್ಟ್ ಸೀದಾ ಬೋರ್ಡಿಗೆಲ್ಲ ಹೋಗಲ್ಲ. ಜ್ಯಾಕ್ ಆದ ಮೇಲೆ ಎರಡು ಮಾಸ್ಫೆಟ್ ಬಾಗಿಲು ಕಾಯ್ತಾ ಕೂತಿರುತ್ತವೆ. ಚಾರ್ಜಿಂಗ್ ಐಸಿ "ಅಡಾಪ್ಟರ್ ಸರಿಯಿದೆ" ಅಂತ ನೋಡಿಕೊಂಡ ಮೇಲೆ ಅವು ತೆರೆಯುತ್ತವೆ. ಅದರ ಆಚೆ ಇರೋದು ಮೇನ್ ಲೈನ್. ಪ್ರೊಸೆಸರ್, ರ‍್ಯಾಮ್, 5 ವೋಲ್ಟ್, 3.3 ವೋಲ್ಟ್ ಎಲ್ಲ ಅಲ್ಲಿಂದಲೇ ಕವಲೊಡೆಯೋದು.

ಜ್ಯಾಕಿನ ಹತ್ತಿರವೇ ಶಾರ್ಟ್ ಇದ್ದಿದ್ದರೆ ಲೈಟ್ ತಕ್ಷಣ ಆರಬೇಕಿತ್ತು. ಅರ್ಧ ಸೆಕೆಂಡ್ ತಡೆದು ಆರುತ್ತೆ ಅಂದರೆ ಐಸಿ ಎದ್ದು, ಬಾಗಿಲು ತೆರೆದು, ಆಮೇಲೆ ಅಡಾಪ್ಟರ್ ಸೋಲ್ತಿದೆ ಅಂತ ನನ್ನ ಊಹೆ. ಅಂದರೆ ಹುಬ್ಬಳ್ಳಿಯವರು ಹೇಳಿದ ಐಸಿ ಬದುಕಿರೋ ಸಾಧ್ಯತೆಯೇ ಜಾಸ್ತಿ. ಅಳೆದು ನೋಡೋಣ.

ಅಡಾಪ್ಟರ್ ತೆಗೆಯಿರಿ, ಬ್ಯಾಟರಿಯ ಕನೆಕ್ಟರ್ ಬಿಚ್ಚಿ, ಪವರ್ ಬಟನ್ ಸ್ವಲ್ಪ ಹೊತ್ತು ಒತ್ತಿಹಿಡಿಯಿರಿ. ಮೀಟರ್ 200 ಓಮಿಗೆ ಇಟ್ಟು ಮೊದಲು ಎರಡು ಕಡ್ಡಿ ಒಂದಕ್ಕೊಂದು ತಾಗಿಸಿ ಎಷ್ಟು ತೋರಿಸುತ್ತೆ ಬರೆದುಕೊಳ್ಳಿ. ಆಮೇಲೆ ಕಪ್ಪು ಕಡ್ಡಿಯನ್ನು ಸ್ಕ್ರೂ ತೂತಿನ ತಾಮ್ರಕ್ಕೆ, ಅಂದರೆ ಬೋರ್ಡಿನ ನೆಲಕ್ಕೆ ಇಟ್ಟು, ಕೆಂಪು ಕಡ್ಡಿಯಿಂದ ಮೂರು ಕಡೆ ಅಳೆಯಿರಿ: ಜ್ಯಾಕಿನ ಪಾಸಿಟಿವ್, ಆ ಎರಡು ಮಾಸ್ಫೆಟ್ ದಾಟಿದ ಮೇಲೆ ಬರುವ ದಪ್ಪ ರೆಸಿಸ್ಟರ್ (ಮೇಲೆ R010 ಅಥವಾ R005 ಅಂತ ಇರಬಹುದು), ಮತ್ತೆ ಪ್ರೊಸೆಸರ್ ಪಕ್ಕದ ಬೂದು ಬಣ್ಣದ ಚೌಕ ಕಾಯಿಲ್.

ಮಂಡ್ಯದ_ಮಂಜು
ಭಟ್ರೇ, ನಂದೂ ಚಿಪ್ ಲೆವೆಲ್ ಕೇಸೇ. ಹಳೇ ಗೇಮಿಂಗ್ ಲ್ಯಾಪ್‌ಟಾಪ್, ಸ್ಕ್ರೀನಲ್ಲಿ ಗೆರೆ ಗೆರೆ ಬರ್ತಿತ್ತು. ಅಂಗಡಿಯವರು ಗ್ರಾಫಿಕ್ಸ್ ಚಿಪ್ಪಿಗೆ "ಹೀಟ್" ಕೊಟ್ಟರು, 2,000 ತಗೊಂಡರು. ಎರಡು ತಿಂಗಳಿಗೆ ಅದೇ ಗೆರೆ. ಮೇಡಂ, ಚಿಪ್ ಲೆವೆಲ್ ಅನ್ನೋದೇ ಮೋಸ, ನಂಬಬೇಡಿ.

ಬೆಸುಗೆಭಟ್ರು
ಮಂಜು, ನಿಮಗೆ ಮಾಡಿದ್ದು ರಿಪೇರಿಯೇ ಅಲ್ಲ. ಆ ಚಿಪ್ಪಿನ ತೊಂದರೆ ಸಾಮಾನ್ಯವಾಗಿ ಬೋರ್ಡಿಗೆ ಅಂಟಿದ ಬೆಸುಗೆಯಲ್ಲಿ ಇರಲ್ಲ. ಚಿಪ್ಪಿನ ಒಳಗೆ, ಸಿಲಿಕಾನ್ ತುಂಡಿಗೂ ಅದರ ತಳದ ಹಲಗೆಗೂ ನಡುವಿನ ಸಣ್ಣ ಸಂಪರ್ಕಗಳು ಬಿಟ್ಟಿರುತ್ತವೆ. ಬಿಸಿ ಮಾಡಿದರೆ ಎಲ್ಲ ಹಿಗ್ಗಿ ಕೆಲವು ದಿನ ತಾಗಿಕೊಂಡಿರುತ್ತೆ. 2008ರ ಸುಮಾರಿಗೆ ಎನ್‌ವಿಡಿಯಾದ ಲ್ಯಾಪ್‌ಟಾಪ್ ಚಿಪ್ಪುಗಳಲ್ಲಿ ಇದು ದೊಡ್ಡ ಸುದ್ದಿಯಾಗಿತ್ತು. ಕಂಪನಿಯೇ ಅದಕ್ಕೆ ದುಡ್ಡು ತೆಗೆದಿಟ್ಟಿತ್ತು. ಅದಕ್ಕೆ ಮದ್ದು ಅಂದರೆ ಹೊಸ ಚಿಪ್, ಅದೂ ಸಿಕ್ಕರೆ. ಎಸ್.ಪಿ. ರೋಡಿನಲ್ಲೂ ಹೊಸದು ಅಂತ ಹಳೇ ಬೋರ್ಡಿನಿಂದ ಕಿತ್ತು ಅಡಿಗೆ ಬೆಸುಗೆಯ ಗುಂಡು ಕೂರಿಸಿದ ಚಿಪ್ ಕೊಡೋರು ಇದ್ದಾರೆ, ಹುಷಾರು. ಯಾರಾದರೂ "ಹೀಟ್ ಮಾಡ್ತೀವಿ" ಅಂದರೆ ಎದ್ದು ಬನ್ನಿ.

ಶರಾವತಿ_ಎಸ್
ಅಳೆದೆ. ಕಡ್ಡಿ ಕಡ್ಡಿ ತಾಗಿಸಿದರೆ 0.2. ಜ್ಯಾಕಿನಲ್ಲಿ 200ರ ಮಿತಿ ದಾಟುತ್ತೆ, ಅಂದರೆ ಶಾರ್ಟ್ ಇಲ್ಲ. R010 ರೆಸಿಸ್ಟರಿನ ಎರಡೂ ಬದಿ 0.6. ಪ್ರೊಸೆಸರ್ ಕಾಯಿಲ್ 3.1. ಅಯ್ಯೋ, ಅದೂ ಶಾರ್ಟ್ ಅಲ್ವಾ? ಪ್ರೊಸೆಸರ್ ಹೋಯಿತಾ?

ಹುಬ್ಳಿಹುಡುಗ
3 ಓಮ್ ಅಂದರೆ ಪ್ರೊಸೆಸರ್ ಶಾರ್ಟ್. ಹಂಗಾದರೆ ಬೋರ್ಡೇ ಹೋಯಿತು ಬಿಡಿ.

ಬೆಸುಗೆಭಟ್ರು
ನಿಲ್ಲಿ ಮಾರಾಯ್ರೇ, ಹೆದರಿಸಬೇಡಿ. ಪ್ರೊಸೆಸರ್ ಕಾಯಿಲಿನಲ್ಲಿ ಕೆಲವೇ ಓಮ್ ಬರೋದು ಸಹಜ. ಒಂದು ವೋಲ್ಟಿನ ಆಸುಪಾಸಿನಲ್ಲಿ ಹತ್ತಾರು ಆಂಪಿಯರ್ ಕುಡಿಯೋ ಚಿಪ್ ಅದು, ಒಳಗೆ ಕೋಟಿಗಟ್ಟಲೆ ಟ್ರಾನ್ಸಿಸ್ಟರ್ ಸಮಾನಾಂತರದಲ್ಲಿವೆ. ಎಷ್ಟೋ ಒಳ್ಳೆಯ ಬೋರ್ಡುಗಳನ್ನು ಇದೊಂದು ಓದು ನೋಡಿ "ಪ್ರೊಸೆಸರ್ ಶಾರ್ಟ್" ಅಂತ ಗುಜರಿಗೆ ಹಾಕಿದ್ದಾರೆ.

ಆದರೆ ನಿಜವಾಗಿ ಹೆದರಬೇಕಾದ್ದು ಬೇರೆ ಇದೆ. ಮೇನ್ ಲೈನಿನ 19 ವೋಲ್ಟನ್ನು ಪ್ರೊಸೆಸರಿಗೆ ಬೇಕಾದಷ್ಟಕ್ಕೆ ಇಳಿಸೋ ಮಾಸ್ಫೆಟ್‌ಗಳಲ್ಲಿ ಮೇಲಿನದು ಶಾರ್ಟ್ ಆದರೆ 19 ವೋಲ್ಟ್ ನೇರ ಪ್ರೊಸೆಸರಿಗೆ ನುಗ್ಗುತ್ತೆ. ಆಮೇಲೆ ಯಾವ ಅಂಗಡಿಯೂ ಏನೂ ಮಾಡಕ್ಕಾಗಲ್ಲ. ಹಾಗೆ ಆಗಿದ್ದರೆ ಮೇನ್ ಲೈನಿಗೂ ಕಾಯಿಲಿಗೂ ನಡುವೆ ಹೆಚ್ಚುಕಮ್ಮಿ ಸೊನ್ನೆ ಬರಬೇಕು. ಒಂದು ಕಡ್ಡಿ R010ಗೆ, ಇನ್ನೊಂದು ಕಾಯಿಲಿಗೆ ಇಡಿ. ನೆಲದ ಗೊಡವೆ ಬೇಡ.

ಶರಾವತಿ_ಎಸ್
3.5 ಬಂತು. ಕಡ್ಡಿಯ 0.2 ಕಳೆದರೆ 3.3. ನೆಲಕ್ಕೆ ಅಳೆದ ಎರಡರಲ್ಲೂ ಹಾಗೇ ಕಳೆದರೆ 0.4 ಮತ್ತು 2.9. ಕೂಡಿದರೆ 3.3! ಅಂದರೆ ಇವೆರಡಕ್ಕೂ ನೆಲದ ಮೂಲಕ ಬಿಟ್ಟು ಬೇರೆ ಸಂಬಂಧವೇ ಇಲ್ಲ.

ಬೆಸುಗೆಭಟ್ರು
ಪಾಠ ಮಾಡೋರಿಗೆ ಹೇಳಿಕೊಡಬೇಕಾಗಿಲ್ಲ ನೋಡಿ. ಆ ಮೇಲಿನ ಮಾಸ್ಫೆಟ್ ಶಾರ್ಟ್ ಆಗಿಲ್ಲ. ಪ್ರೊಸೆಸರಿಗೆ 19 ವೋಲ್ಟ್ ಹೋಗಿಲ್ಲ ಅಂತ ಧೈರ್ಯವಾಗಿ ಇರಬಹುದು. ಮೇನ್ ಲೈನಿನಲ್ಲಿ ಎಲ್ಲೋ ಒಂದು ಸೆರಾಮಿಕ್ ಕೆಪಾಸಿಟರ್ ಶಾರ್ಟ್ ಆಗಿ ಕೂತುಬಿಟ್ಟಿದೆ ಅನ್ನಿಸುತ್ತೆ. ಇಂಥ ಶಾರ್ಟಿಗೆ ಅದೇ ಹೆಚ್ಚಾಗಿ ಕಾರಣ. ಸಮಸ್ಯೆ ಏನಂದರೆ ಎಳ್ಳು ಕಾಳಿನಂಥ ಆ ಕೆಪಾಸಿಟರುಗಳು ಬೋರ್ಡ್ ತುಂಬ ಒಂದೇ ಲೈನಿಗೆ ಅಂಟಿಕೊಂಡಿರುತ್ತವೆ. ಒಂದು ಶಾರ್ಟ್ ಆದರೆ ಮೀಟರಿಗೆ ಎಲ್ಲವೂ ಶಾರ್ಟ್ ಆದಂತೆ ಕಾಣುತ್ತೆ.

ಹುಡುಕೋಕೆ ಪವರ್ ಸಪ್ಲೈ ಬೇಕು. 1 ವೋಲ್ಟಿಗೆ ಇಟ್ಟು, ಕರೆಂಟ್ 3 ಆಂಪಿಯರ್ ಮೀರದಂತೆ ಕಟ್ಟಿ, ಮೇನ್ ಲೈನಿಗೆ ಬಿಡಬೇಕು. 0.4 ಓಮಿಗೆ 2.5 ಆಂಪಿಯರ್ ಹರಿದು ಶಾರ್ಟ್ ಆದ ಭಾಗ ಒಂದೇ ಬಿಸಿಯಾಗುತ್ತೆ. ಥರ್ಮಲ್ ಕ್ಯಾಮೆರಾ ಇದ್ದರೆ ಕಾಣುತ್ತೆ. ಇಲ್ಲದಿದ್ದರೆ ಐಪಿಎ, ಅಂದರೆ ಬೇಗ ಆರಿಹೋಗೋ ಆಲ್ಕೋಹಾಲ್ ಹಚ್ಚಿ, ಮೊದಲು ಎಲ್ಲಿ ಒಣಗುತ್ತೋ ನೋಡಿ. 19 ವೋಲ್ಟ್ ಮಾತ್ರ ಬಿಡಬೇಡಿ. ನಾವು ನೋಡದೇ ಇರೋ ಇನ್ನೊಂದು ಕವಲಿನಲ್ಲಿ ಮಾಸ್ಫೆಟ್ ಹೋಗಿದ್ದರೆ ಆಗ ನಾವೇ ಕೊಂದ ಹಾಗಾಗುತ್ತೆ.

ಅಂಗಡಿಗೆ ಹೋದಾಗ ಈ ಓದುಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ. "ಮೇನ್ ಲೈನ್ ಶಾರ್ಟ್, ಜ್ಯಾಕ್ ಸರಿಯಿದೆ" ಅಂದಾಗ ಅರ್ಥಮಾಡಿಕೊಂಡವನ ಕೈಗೆ ಕೊಡಿ.

ಐಟಿ_ರೇಖಾ
ನಾನು ಆಫೀಸಿನ ಲ್ಯಾಪ್‌ಟಾಪುಗಳನ್ನು ನೋಡಿಕೊಳ್ಳೋಳು. ನಮ್ಮಲ್ಲಿ ಬೋರ್ಡ್ ಬದಲಿಯೇ ನಿಯಮ, ನನಗೆ ಅದೇ ಸರಿ ಅನ್ನಿಸುತ್ತೆ. ವಾರಂಟಿ ಇರೋ ಯಂತ್ರವನ್ನು ಅಂಗಡಿಯವರ ಬಿಸಿಗಾಳಿಗೆ ಒಡ್ಡೋಕೆ ನಾನು ಒಪ್ಪಲ್ಲ. ಮೇಡಂ ಅವರದ್ದಕ್ಕೆ ವಾರಂಟಿ ಮುಗಿದಿದೆ, ಅದು ಬೇರೆ ಮಾತು.

ಬೋರ್ಡ್ ಬದಲಿಸೋರಿಗೆ ಒಂದು ಎಚ್ಚರಿಕೆ. ಡಿಸ್ಕಿಗೆ ಬೀಗ ಹಾಕೋ ವಿಂಡೋಸಿನ ಬಿಟ್‌ಲಾಕರ್ ಆನ್ ಇದ್ದರೆ ಅದರ ಬೀಗದ ಕೈ ಹಳೇ ಬೋರ್ಡಿನ ಟಿಪಿಎಂನಲ್ಲಿ ಇರುತ್ತೆ. ಹೊಸ ಬೋರ್ಡಿಗೆ ಅದೇ ಎಸ್‌ಎಸ್‌ಡಿ ಹಾಕಿದರೆ 48 ಅಂಕಿಯ ರಿಕವರಿ ಕೀ ಕೇಳುತ್ತೆ. ಅದಿಲ್ಲದಿದ್ದರೆ ಫೋಟೋ, ಫೈಲು ಎಲ್ಲಕ್ಕೂ ಎಳ್ಳು ನೀರು. ಎಷ್ಟೋ ಜನರಿಗೆ ಅದು ಆನ್ ಇರೋದೇ ಗೊತ್ತಿರಲ್ಲ. ಲ್ಯಾಪ್‌ಟಾಪ್ ಚೆನ್ನಾಗಿರುವಾಗಲೇ ಅಡ್ಮಿನ್ ಆಗಿ ಇದನ್ನು ಓಡಿಸಿ, ಬಂದ ಸಂಖ್ಯೆಯನ್ನು ಕಾಗದದಲ್ಲಿ ಬರೆದಿಡಿ:

```
manage-bde -protectors -get C:
```

ಸತ್ತುಹೋಗಿದ್ದರೆ ಮೈಕ್ರೋಸಾಫ್ಟ್ ಖಾತೆಯಲ್ಲಿ ಉಳಿದಿದೆಯಾ ನೋಡಿ.

ಮಂಡ್ಯದ_ಮಂಜು
ನನ್ನ ಫೋನ್ ಕೆರೆಗೆ ಬಿದ್ದಿದೆ, ಅದಕ್ಕೂ ಒಂದು ವೋಲ್ಟ್ ಕೊಟ್ಟರೆ ಆಗುತ್ತಾ?

ಬೆಸುಗೆಭಟ್ರು
ಮಂಜು, ಅದಕ್ಕೆ ಬೇರೆ ಚರ್ಚೆ ತೆರೆಯಿರಿ. ಸದ್ಯಕ್ಕೆ ಚಾರ್ಜಿಗೆ ಮಾತ್ರ ಹಾಕಬೇಡಿ. ನೀರಿನ ಕೇಸಿನಲ್ಲಿ ಮೇಲೆ ಕಾಣೋ ಹಸಿರು ಕಿಲುಬು ತೊಳೆದರೆ ಹೋಗುತ್ತೆ. ಚಿಪ್ಪಿನ ಅಡಿಯ ಗುಂಡುಗಳ ನಡುವೆ ಹೊಕ್ಕಿದ್ದು, ಬೋರ್ಡಿನ ಒಳಪದರಕ್ಕೆ ಇಳಿದದ್ದು ಕಷ್ಟ. ಲ್ಯಾಪ್‌ಟಾಪ್ ಬೋರ್ಡಿನಲ್ಲೂ ಅಷ್ಟೇ. ಸುಟ್ಟು ತೂತಾಗಿ ಒಳಗಿನ ತಾಮ್ರದ ಪದರಗಳು ಒಂದಕ್ಕೊಂದು ಅಂಟಿಕೊಂಡಿದ್ದರೆ ನಾನಂತೂ ಮುಟ್ಟಲ್ಲ, ಬೋರ್ಡ್ ಬದಲಿಸಿ ಅಂತ ನಾನೇ ಹೇಳ್ತೀನಿ.

ಶರಾವತಿ_ಎಸ್
ಕೆಲಸ ಆಯಿತು! ಚೀಟಿ ತೋರಿಸಿದೆ. ಹುಡುಗ ನನ್ನೆದುರೇ ಪವರ್ ಸಪ್ಲೈ ಹಾಕಿ, ಐಪಿಎ ಹಚ್ಚಿದ. ಪ್ರೊಸೆಸರ್ ಮಾಸ್ಫೆಟ್ ಪಕ್ಕ ಸಾಲಾಗಿರೋ ನಾಲ್ಕು ಕೆಪಾಸಿಟರುಗಳಲ್ಲಿ ಒಂದರ ಸುತ್ತ ಸರ್ ಅಂತ ಒಣಗಿತು. ಕಿತ್ತ ಮೇಲೆ ಮೇನ್ ಲೈನ್ ಕಿಲೋ ಓಮಿಗೆ ಹೋಯಿತು, ಲ್ಯಾಪ್‌ಟಾಪ್ ಎದ್ದಿತು. 2,800 ತಗೊಂಡ. ಆದರೆ ಬಿಲ್ಲಿನಲ್ಲಿ "ಐಸಿ ಬದಲಿ" ಅಂತ ಬರೆದಿದ್ದಾನೆ. ಕಿತ್ತ ಜಾಗಕ್ಕೆ ಹೊಸ ಕೆಪಾಸಿಟರ್ ಹಾಕಿಲ್ಲ, "ಇನ್ನೂ ಮೂರಿವೆ, ನಡೆಯುತ್ತೆ" ಅಂದ.

ಹುಬ್ಳಿಹುಡುಗ
ನೋಡಿ, ಐಸಿನೇ ಬದಲಿಸಿದ್ದು! ಕೆಪಾಸಿಟರ್ ಇಲ್ಲದಿದ್ದರೂ ಏನೂ ಆಗಲ್ಲ, ನನ್ನ ಬೋರ್ಡಿನಲ್ಲೂ ಒಂದು ಜಾಗ ಖಾಲಿ ಇದೆ, ಓಡ್ತಾ ಇದೆ.

ಬೆಸುಗೆಭಟ್ರು
ಬಿಲ್ಲಿನಲ್ಲಿ ಎಲ್ಲದಕ್ಕೂ ಐಸಿ ಅಂತಲೇ ಬರೆಯೋ ಅಭ್ಯಾಸ ಕೆಲವರಿಗೆ. ಚಾರ್ಜಿಂಗ್ ಐಸಿಯ ಸುತ್ತ ಫ್ಲಕ್ಸಿನ ಹೊಳಪು, ಅಂಟು ಇದೆಯಾ ನೋಡಿ. ಹಳೇ ಧೂಳು ಹಾಗೇ ಕೂತಿದ್ದರೆ ಅದನ್ನು ಯಾರೂ ಮುಟ್ಟಿಲ್ಲ.

ಖಾಲಿ ಜಾಗದ ಬಗ್ಗೆ ನಾನು ಒಪ್ಪಲ್ಲ. ಮಾಸ್ಫೆಟ್ ಪಕ್ಕದಲ್ಲೇ ಇರೋ ಕೆಪಾಸಿಟರ್ ಸುಮ್ನೆ ಇಟ್ಟಿದ್ದಲ್ಲ, ಪ್ರೊಸೆಸರ್ ದಿಢೀರ್ ಕರೆಂಟ್ ಎಳೆದಾಗ ಒದಗೋದು ಅದೇ. ಉಳಿದ ಮೂರರ ಮೇಲೆ ಭಾರ ಬೀಳುತ್ತೆ. ಅದೇ ಅಳತೆಯ 10 ಮೈಕ್ರೋಫ್ಯಾರಡ್, 25 ವೋಲ್ಟಿನದು ಹಾಕಿಸಿ. ಹಳೇ ಬೋರ್ಡಿನಿಂದ ಕಿತ್ತದ್ದಾದರೂ ಪರವಾಗಿಲ್ಲ, ಆದರೆ 25ಕ್ಕಿಂತ ಕಡಿಮೆ ವೋಲ್ಟಿನದು ಬೇಡ.

ಐಟಿ_ರೇಖಾ
ಭಟ್ರೇ, ಒಂದು ಕೆಪಾಸಿಟರಿಗಾಗಿ ಓಡ್ತಿರೋ ಬೋರ್ಡಿಗೆ ಮತ್ತೆ ಬಿಸಿಗಾಳಿ ಹೊಡೆಸೋದು ಜಾಸ್ತಿ ಅಪಾಯ ಅಲ್ವಾ? ಪಕ್ಕದಲ್ಲೇ ಪ್ರೊಸೆಸರ್ ಇದೆ.

ಬೆಸುಗೆಭಟ್ರು
ಗನ್ ಬೇಡ, ಸಣ್ಣ ಮೊನೆಯ ಬೆಸುಗೆ ಐರನ್ ಸಾಕು. ಕೈ ಸರಿಯಿದ್ದರೆ ಮಾತ್ರ, ಅದೂ ನಿಜ.

ಶರಾವತಿ_ಎಸ್
ಐಸಿ ಮೇಲೆ ಧೂಳು ಹಾಗೇ ಇದೆ, ಮುಟ್ಟಿಲ್ಲ. ಶನಿವಾರ ಮತ್ತೆ ಹೋಗ್ತೀನಿ. ಬಿಲ್ ಸರಿ ಮಾಡಿಸ್ತೀನಿ, ಕೆಪಾಸಿಟರಿಗೆ ಐರನ್ ಹಿಡೀತಾನಾ ಗನ್ ಹಿಡೀತಾನಾ ಮೊದಲು ಕೇಳಿ ಆಮೇಲೆ ಕೊಡ್ತೀನಿ. ಅಲ್ಲಿವರೆಗೆ ವಿಡಿಯೋ ಎಡಿಟಿಂಗ್ ಬಂದ್.