ಚಿಕ್ಕ ಮಾಡೆಲ್ ಸಾಕಾಗುತ್ತಾ? ಹೋಲಿಸಿ ನೋಡಿದವರು ಹೇಳಿ

ಕೇಳಿದವರು: ಗ್ರಾಹಕರ ದೂರಿನ ಮೇಲ್‌ಗಳನ್ನು ದೊಡ್ಡ ಎಐ ಮಾಡೆಲ್‌ನಿಂದ ಸಾರಾಂಶ ಮಾಡಿಸುತ್ತಿದ್ದೇನೆ. ಬಿಲ್ ಜಾಸ್ತಿ ಬರುತ್ತಿದೆ. ಅಗ್ಗದ ಚಿಕ್ಕದು ಸಾಕು ಅಂತ ಹೇಗೆ ಖಾತ್ರಿ ಮಾಡಿಕೊಂಡಿರಿ?

ರಾತ್ರಿಪಾಳಿ: ನನ್ನದು ಸಾರಾಂಶ ಅಲ್ಲ, ಮೇಲ್‌ನಿಂದ ಆರ್ಡರ್ ನಂಬರ್ ತೆಗೆಯೋ ಕೆಲಸ. 200 ಹಳೇ ಮೇಲ್ ಆರಿಸಿ, ಸರಿ ಉತ್ತರವನ್ನು ನಾನೇ ಕೂತು ಬರೆದೆ. ಅದಕ್ಕೇ ಎರಡು ದಿನ ಹೋಯಿತು. ಆಮೇಲೆ ಒಂದೇ ಪ್ರಾಂಪ್ಟ್‌ನಲ್ಲಿ ಎರಡೂ ಮಾಡೆಲ್ ಓಡಿಸಿದೆ. ದೊಡ್ಡದು 6 ತಪ್ಪಿತು, ಚಿಕ್ಕದು 21. ಅಲ್ಲಿಗೇ ಕೈಬಿಡುತ್ತಿದ್ದೆ. ಆದರೆ ಆ 21ನ್ನು ಒಂದೊಂದಾಗಿ ಓದಿದಾಗ, 11ರಲ್ಲಿ ಕಾರಣ ಒಂದೇ ಆಗಿತ್ತು. ಮೇಲ್‌ನ ಕೆಳಗೆ ಅಂಟಿಕೊಂಡಿದ್ದ ಹಳೇ ಉತ್ತರದಿಂದ ನಂಬರ್ ಎತ್ತಿತ್ತು. ಆ ಹಳೇ ಭಾಗ ಕತ್ತರಿಸಿ ಕಳಿಸಿದೆ. ಚಿಕ್ಕದರ ತಪ್ಪು 10ಕ್ಕೆ ಇಳಿಯಿತು, ದೊಡ್ಡದರದ್ದು 5ಕ್ಕೆ.

ಉಳಿದ 10ರಲ್ಲಿ 7 ನನ್ನನ್ನು ಹೆದರಿಸಿದವು. ಮೇಲ್‌ನಲ್ಲಿ ನಂಬರೇ ಇಲ್ಲ, ಇದು ತಾನೇ ಒಂದು ಹುಟ್ಟಿಸಿ ಕೊಟ್ಟಿತ್ತು. ಅದಕ್ಕೆ ಒಂದು ಸಾಲು ಸಾಕಾಯಿತು:

```
ok = order_no is None or order_no in mail_text
```

ಇದು ಸುಳ್ಳಾದರೆ ಆ ಮೇಲ್ ದೊಡ್ಡ ಮಾಡೆಲ್‌ಗೆ ಹೋಗುತ್ತದೆ. 200ರಲ್ಲಿ 16 ಹಾಗೆ ಹೋದವು. ಅದರಲ್ಲಿ 9 ಸುಮ್ನೆ ಹೋದವು, ಗ್ರಾಹಕರು "45 88 12" ಅಂತ ಬಿಡಿಸಿ ಬರೆದಿದ್ದನ್ನು ಮಾಡೆಲ್ ಸರಿಯಾಗೇ ಕೂಡಿಸಿತ್ತು. ಚಿಕ್ಕದರ ಬೆಲೆ ನನಗೆ ಹನ್ನೆರಡನೇ ಒಂದು ಭಾಗ. ಎಲ್ಲ ಸೇರಿ ಹಳೇ ಬಿಲ್‌ನ ಆರನೇ ಒಂದು ಭಾಗಕ್ಕೆ ಬಂದೆ. ಒಂದು ವರ್ಷದಿಂದ ಓಡುತ್ತಿದೆ.

ಲೆಕ್ಕಪುಸ್ತಕ: ಇಷ್ಟೆಲ್ಲ ಯಾಕೆ? ಟೆಂಪರೇಚರ್ 0 ಇಟ್ಟು ಒಮ್ಮೆ ಓಡಿಸಿ, ಟೋಕನ್ ಬೆಲೆ ನೋಡಿ, ಮುಗೀತು. 0 ಇಟ್ಟರೆ ಉತ್ತರ ಬದಲಾಗಲ್ಲ.

ರಾತ್ರಿಪಾಳಿ: ಬದಲಾಗುತ್ತದೆ. ಅದೇ 200ನ್ನು 0 ಇಟ್ಟೇ ಮೂರು ಸಲ ಓಡಿಸಿದ್ದೇನೆ, 5 ಮೇಲ್‌ಗಳಲ್ಲಿ ಉತ್ತರ ಬೇರೆ ಬಂತು. ಎರಡು ಮಾಡೆಲ್ ನಡುವೆ ಎರಡು ಮೂರು ತಪ್ಪಿನ ಅಂತರ ಬಂದರೆ ನಾನು ಅದನ್ನು ಅಂತರ ಅಂತ ಎಣಿಸುವುದೇ ಇಲ್ಲ.

ಕೊನೇಬೆಂಚು: ಟೋಕನ್ ಬೆಲೆ ಮಾತ್ರ ನೋಡಿ ನಾನೂ ಮೋಸ ಹೋದೆ. ನಾನು ತಗೊಂಡ ಅಗ್ಗದ ಮಾಡೆಲ್ ಉತ್ತರಕ್ಕೆ ಮುಂಚೆ ಉದ್ದಕ್ಕೆ ಯೋಚಿಸುತ್ತದೆ. ಆ ಯೋಚನೆಯೂ ಔಟ್‌ಪುಟ್ ಲೆಕ್ಕದಲ್ಲೇ ಬಿಲ್ ಆಗುತ್ತದೆ. ಎರಡು ಸಾಲಿನ ಸಾರಾಂಶಕ್ಕೆ ಸಾವಿರಕ್ಕೂ ಮೇಲೆ ಟೋಕನ್!

ಇನ್ನೊಂದು ನೋವು ಹೇಳುತ್ತೇನೆ. 60 ಮೇಲ್‌ಗೆ ಎರಡೂ ಮಾಡೆಲ್‌ನಿಂದ ಸಾರಾಂಶ ಮಾಡಿಸಿ, ಯಾವುದು ಚೆನ್ನಾಗಿದೆ ಅಂತ ಇನ್ನೊಂದು ಮಾಡೆಲ್ ಕೈಲಿ ತೀರ್ಪು ಹೇಳಿಸಿದೆ. ದೊಡ್ಡದಕ್ಕೆ 41 ಬಂತು. ನಂಬಿ ನಾಲ್ಕು ತಿಂಗಳು ದೊಡ್ಡ ಬಿಲ್ ಕಟ್ಟಿದೆ. ಆಮೇಲೆ ಹೆಸರು ಮುಚ್ಚಿ, ಜೋಡಿಗಳನ್ನು ಕಲಸಿ, ನಾನೇ ಓದಿದೆ. ಚಿಕ್ಕದು 27, ದೊಡ್ಡದು 24, ಸಮ 9. ತೀರ್ಪು ಕೊಟ್ಟ ಮಾಡೆಲ್ ಉದ್ದ ಇದ್ದದ್ದಕ್ಕೇ ಜಾಸ್ತಿ ಸಲ ಅಂಕ ಕೊಟ್ಟಿತ್ತು.

ಹಳೇಯಂತ್ರ: ನನ್ನ ಸ್ವಂತ ಕಂಪ್ಯೂಟರ್‌ನಲ್ಲೇ ಚಿಕ್ಕ ಮಾಡೆಲ್ ಓಡಿಸುತ್ತೇನೆ, ಬಿಲ್ಲೇ ಇಲ್ಲ. ಗ್ರಾಫಿಕ್ಸ್ ಕಾರ್ಡ್‌ಗೆ ಹಾಕಿದ ದುಡ್ಡು ಬಿಡಿ. ಮೊದಲು 4 ಬಿಟ್‌ಗೆ ಕುಗ್ಗಿಸಿದ ಫೈಲ್ ಹಾಕಿದ್ದೆ, ಅಂಕಿಗಳಲ್ಲಿ ಎಡವುತ್ತಿತ್ತು. 8 ಬಿಟ್‌ನದ್ದು ಹಾಕಿದ ಮೇಲೆ ಸರಿಹೋಯಿತು, ಆದರೆ ನಿಧಾನ.

ಕೊನೇಬೆಂಚು: ಅವರು ಕೇಳಿದ್ದು ಅದಲ್ಲ, ಅಲ್ವಾ?

ಲೆಕ್ಕಪುಸ್ತಕ: ನಿಮ್ಮದೂ ಉತ್ತರ ಅಲ್ಲ. 27, 24 ಅಂದಮೇಲೆ ಚಿಕ್ಕದಕ್ಕೆ ಹೋದಿರೋ ಇಲ್ಲವೋ?

ಕೊನೇಬೆಂಚು: ಹೋಗಲಿಲ್ಲ. ಮೇಲ್‌ನಲ್ಲಿ "ಹಣ ವಾಪಸ್ ಬೇಡ, ಬೇರೆ ಕಳಿಸಿ" ಅಂತಿತ್ತು. ಚಿಕ್ಕದು "ಗ್ರಾಹಕರು ಹಣ ವಾಪಸ್ ಕೇಳಿದ್ದಾರೆ" ಅಂತ ಬರೆದಿತ್ತು. ಓದೋಕೆ ಎಷ್ಟು ಚೆಂದ ಇತ್ತೆಂದರೆ, ಮೊದಲ ಸಲ ನಾನೇ ಅದಕ್ಕೆ ಅಂಕ ಕೊಟ್ಟಿದ್ದೆ. ಆಮೇಲೆ ಅರ್ಥ ತಿರುಗಿದ್ದನ್ನಷ್ಟೇ ಬೇರೆಯಾಗಿ ಎಣಿಸಿದೆ. 60ರಲ್ಲಿ ಚಿಕ್ಕದು 4, ದೊಡ್ಡದು 1. ಸಾರಾಂಶಕ್ಕೆ ರಾತ್ರಿಪಾಳಿಯವರ ಒಂದು ಸಾಲಿನ ಪರೀಕ್ಷೆ ಹಾಕೋಕೆ ಬರಲ್ಲ.

ರಾತ್ರಿಪಾಳಿ: 60 ತುಂಬಾ ಕಡಿಮೆ. 4 ಮತ್ತು 1 ಅಂತ ಹೇಗೆ ನಂಬಿದಿರಿ?

ಕೊನೇಬೆಂಚು: ನೀವು ಯಾವ 200 ನೋಡಿ ತಪ್ಪು ತಿದ್ದಿದಿರೋ, ಅದೇ 200ರಲ್ಲೇ ಅಂಕ ಹಾಕಿಕೊಂಡಿರಿ. ಹೊಸ ಮೇಲ್‌ಗಳ ಮೇಲೆ ನೋಡಿದಿರಾ?

ರಾತ್ರಿಪಾಳಿ: ಇಲ್ಲ. ಒಂದು ವರ್ಷದಲ್ಲಿ ದೂರು ಬಂದಿಲ್ಲ.

ಕೊನೇಬೆಂಚು: ತಪ್ಪು ನಂಬರ್ ಹೋದರೆ ಗ್ರಾಹಕ ನಿಮಗೆ ದೂರು ಕೊಡಲ್ಲ, ಅದನ್ನು ಸರಿಮಾಡೋ ವಿಭಾಗದವರು ಬೈತಾರೆ. ಅವರನ್ನು ಕೇಳಿ.

ಕೇಳಿದವರು: ನನ್ನ ಮೇಲ್‌ಗಳಲ್ಲೂ "ಬೇಡ", "ಬರಲಿಲ್ಲ" ಇರೋದೇ ಜಾಸ್ತಿ. ಅಂಥವನ್ನೇ 150 ಆರಿಸಿ, ಎರಡರ ಉತ್ತರ ಬೇರೆ ಬಂದವನ್ನು ಮಾತ್ರ ಓದುತ್ತೇನೆ.

ರಾತ್ರಿಪಾಳಿ: ಎರಡೂ ಒಂದೇ ತಪ್ಪು ಮಾಡಿದ್ದರೆ ಅದು ಕಣ್ಣಿಗೆ ಬೀಳಲ್ಲ. ಒಂದೇ ಬಂದವುಗಳಲ್ಲೂ ಇಪ್ಪತ್ತಾದರೂ ತೆಗೆದು ನೋಡಿ. ನಾನೂ ಹೊಸ 100 ಮೇಲ್ ತೆಗೆದಿಟ್ಟಿದ್ದೇನೆ, ಇವತ್ತು ರಾತ್ರಿ ಶುರುಮಾಡುತ್ತೇನೆ.