‘ಸಿಕ್ಕಾ ಹಾಲಿ’ ಎಂದರೆ ಯಾವ ರೂಪಾಯಿ?

ಕಲಬುರಗಿಯಿಂದ ಪ್ರಶ್ನೆ

ಮಾನ್ಯರೇ, ನಮ್ಮ ಅಜ್ಜನವರ ಹೊಲದ ಖರೀದಿ ಪತ್ರವನ್ನು ಉರ್ದುವಿನಿಂದ ಕನ್ನಡಕ್ಕೆ ಬರೆಸಿದೆವು. ಪತ್ರ ಫಸಲಿ 1345ರದ್ದು, ಅಂದರೆ 1935–36. ಮೂಲದಲ್ಲಿ ‘ಸಿಕ್ಕಾ ಹಾಲಿ 700 ರೂಪಾಯಿ’ ಎಂದಿದೆ. ಅನುವಾದಕರು ‘ಹಾಲಿ ಮುದ್ರೆಯ 700 ರೂಪಾಯಿ’ ಎಂದು ಬರೆದಿದ್ದಾರೆ. ಆದರೆ ಅಜ್ಜನವರ ಲೆಕ್ಕದ ವಹಿಯಲ್ಲಿ ಅದೇ ಹೊಲಕ್ಕೆ ‘ಕಲ್ದಾರ 600’ ಎಂದಿದೆ. ನೂರು ರೂಪಾಯಿ ಯಾರೋ ನುಂಗಿದರು ಎಂದು ನಮ್ಮ ಸೋದರತ್ತೆ ಇಂದಿಗೂ ನೊಂದುಕೊಳ್ಳುತ್ತಾರೆ. ಹಾಲಿ, ಸಿಕ್ಕಾ, ಕಲ್ದಾರ ಈ ಮೂರರ ಸರಿಯಾದ ಅರ್ಥವೇನು?

ಯಾದಗಿರಿಯಿಂದ

‘ಹಾಲಿ’ ಎಂದರೆ ಈಗಿನದು; ಹಾಲಿ ಸದಸ್ಯ, ಮಾಜಿ ಸದಸ್ಯ ಎನ್ನುವುದಿಲ್ಲವೇ? ಆ ವರ್ಷ ಹೊಡೆದ ಹೊಸ ನಾಣ್ಯಕ್ಕೆ ಪೂರ್ತಿ ಬೆಲೆ, ಹಳೆಯದಕ್ಕೆ ವಟ್ಟ ಹಿಡಿಯುತ್ತಿದ್ದರು. ನಿಮ್ಮ ನೂರು ರೂಪಾಯಿ ಆ ವಟ್ಟವೇ ಇರಬೇಕು.

ಯಾದಗಿರಿಯಿಂದಲೇ ಇನ್ನೊಬ್ಬರು

ನಮ್ಮ ಕಡೆ ಸಿಕ್ಕಾ ಎಂದರೆ ಕಚೇರಿಯ ಮೊಹರು. ‘ಸಿಕ್ಕಾ ಹೊಡೆಸಿಕೊಂಡು ಬಾ’ ಎಂದು ನನ್ನ ಮಗಳ ಪ್ರಮಾಣಪತ್ರವನ್ನು ಎರಡು ಸಲ ಹಿಂದಕ್ಕೆ ಕಳಿಸಿದ್ದರು. ನಿಮ್ಮ ಪತ್ರದ ಮೇಲೆ ಮೊಹರು ಇದೆಯೇ ಎಂದು ಮೊದಲು ನೋಡಿಕೊಳ್ಳಿ.

ಬೀದರಿನಿಂದ

ಮೊಹರಿನ ಮಾತು ಪ್ರಶ್ನೆಗೆ ಉತ್ತರವಲ್ಲ, ಆದರೆ ಪದದ ಬೇರು ಅಲ್ಲಿಯೇ ಇದೆ. ಅರಬ್ಬಿಯ ‘ಸಿಕ್ಕಾ’ ಮೊದಲಿಗೆ ನಾಣ್ಯವಲ್ಲ, ನಾಣ್ಯಕ್ಕೆ ಒತ್ತುವ ಅಚ್ಚು. ನಾಣ್ಯದ ಹುಟ್ಟೂ ಹೀಗೆಯೇ. ಮೊದಲು ಬೆಳ್ಳಿಯನ್ನು ಪ್ರತಿ ಸಲ ತೂಗಿ, ಒರೆಹಚ್ಚಿ ಕೊಡುತ್ತಿದ್ದರು. ಇಂದಿನ ತುರ್ಕಿಯ ಲಿಡಿಯಾದಲ್ಲಿ ಕ್ರಿ.ಪೂ. 7ನೆಯ ಶತಮಾನದಲ್ಲಿ ಚಿನ್ನ ಬೆಳ್ಳಿ ಬೆರೆತ ತುಂಡಿನ ಮೇಲೆ ಸಿಂಹದ ತಲೆ ಒತ್ತಿದರು. ನಮ್ಮ ನೆಲದಲ್ಲಿ ಬೆಳ್ಳಿಯ ಚೂರಿನ ಮೇಲೆ ಸೂರ್ಯ, ಗುಡ್ಡದಂಥ ಗುರುತುಗಳನ್ನು ಹೊಡೆದರು. ಅಚ್ಚು ಬಿದ್ದ ಮೇಲೆ ಜನ ತೂಕವನ್ನು ಬಿಟ್ಟು ಗುರುತನ್ನು ನಂಬಲು ಕಲಿತರು. ಗುರುತು ಯಾರ ಕೈಯಲ್ಲಿದೆಯೋ ಅವರು ಲೋಹವನ್ನು ಸ್ವಲ್ಪ ಕಡಿಮೆ ಮಾಡಿಯೂ ಅದೇ ಬೆಲೆಗೆ ನಾಣ್ಯವನ್ನು ಹೊರಗೆ ಬಿಡಬಹುದಿತ್ತು. ಟಂಕಸಾಲೆಯ ಆದಾಯ ಅದು.

ಹಳೆಯ ನಾಣ್ಯಕ್ಕೆ ವಟ್ಟ ಹಿಡಿಯುತ್ತಿದ್ದುದು ನಿಜ. ಜನ ಹಳೆಯದನ್ನು ತಂದು ಶುಲ್ಕ ಕೊಟ್ಟು ಹೊಸದಾಗಿ ಅಚ್ಚು ಹಾಕಿಸಿಕೊಳ್ಳಲಿ ಎಂಬುದೇ ಅದರ ಒಂದು ಉದ್ದೇಶ. ಆದರೆ 1935ರ ಹೊತ್ತಿಗೆ ‘ಹಾಲಿ ಸಿಕ್ಕಾ’ ಎಂಬುದು ನಿಜಾಮರ ರೂಪಾಯಿಯ ಹೆಸರೇ ಆಗಿಹೋಗಿತ್ತು. ‘ಕಲ್ದಾರ’ ಎಂದರೆ ಬ್ರಿಟಿಷ್ ಭಾರತದ ರೂಪಾಯಿ. ‘ಕಲ್’ ಎಂದರೆ ಯಂತ್ರ, ಯಂತ್ರದಲ್ಲಿ ಒತ್ತಿದ್ದು ಎಂಬ ಅರ್ಥ. ಹಾಲಿಯ ತೂಕ ಸುಮಾರು 11.18 ಗ್ರಾಂ, ಅದರಲ್ಲಿ ಅಪ್ಪಟ ಬೆಳ್ಳಿ ಸುಮಾರು 9.14. ಕಲ್ದಾರ 11.66 ಗ್ರಾಂ, ಬೆಳ್ಳಿ ಸುಮಾರು 10.69. ಏಳು ಹಾಲಿಗೆ ಆರು ಕಲ್ದಾರ ಎಂಬ ದರ ಈ ಬೆಳ್ಳಿಯ ಲೆಕ್ಕಕ್ಕೆ ಹೆಚ್ಚು ಕಡಿಮೆ ಕೂಡಿಬರುತ್ತದೆ. ನಿಮ್ಮ 700 ಹಾಲಿ ಎಂದರೆ ಸರಿಯಾಗಿ 600 ಕಲ್ದಾರ. ಅಜ್ಜನವರಿಗೆ ಯಾರೂ ಮೋಸ ಮಾಡಿಲ್ಲ.

ಅಚ್ಚಿನ ಇನ್ನೊಂದು ಕೆಲಸ ಹೆಸರು ಸಾರುವುದು. ಮಸೀದಿಯ ಶುಕ್ರವಾರದ ಪ್ರವಚನವಾದ ಖುತ್ಬಾದಲ್ಲಿ ಹೆಸರು, ಸಿಕ್ಕಾದ ಮೇಲೆ ಹೆಸರು: ಇವೆರಡಿದ್ದರೆ ಸುಲ್ತಾನ. 1857ರವರೆಗೂ ನಿಜಾಮರ ನಾಣ್ಯದ ಮೇಲೆ ದೆಹಲಿಯ ಬಾದಶಹನ ಹೆಸರೇ ಇತ್ತು, ರಾಜ್ಯವಾಳುವವರು ಬೇರೆಯೇ ಆದರೂ. ಬಾದಶಾಹಿ ಮುಗಿದ ಮೇಲೆ ಆಸಫ್ ಜಾಹ್ ಹೆಸರು ಬಂದಿತು. ಅಜ್ಜನವರ ಕಾಲದ ರೂಪಾಯಿ ಮನೆಯಲ್ಲಿ ಉಳಿದಿದ್ದರೆ ಅದರ ಮೇಲಿನ ಚಾರ್‌ಮಿನಾರಿನ ನಡುವಿನ ಬಾಗಿಲನ್ನು ದೀಪದ ಬೆಳಕಿನಲ್ಲಿ ನೋಡಿ. ಅಲ್ಲಿ ‘ಐನ್’ ಅಕ್ಷರವಿರುತ್ತದೆ, ಉಸ್ಮಾನ್ ಅಲಿ ಖಾನರ ಹೆಸರಿನ ಮೊದಲ ಅಕ್ಷರ. ಸಂತೆಯಲ್ಲಿ ಉಪ್ಪು ಕೊಳ್ಳುವವನ ಕೈಗೂ ಅರಸನ ಹೆಸರು ತಲುಪುತ್ತಿದ್ದುದು ಹಾಗೆ.

ಅಚ್ಚನ್ನು ಎಲ್ಲರೂ ಒಪ್ಪುತ್ತಿದ್ದರು ಎಂದಲ್ಲ. ಕಲಬುರಗಿಯಿಂದ ಆಳಿದ ಬಹಮನಿ ಒಂದನೆಯ ಮುಹಮ್ಮದ್ ಶಾಹ (1358–75) ಚಿನ್ನದ ನಾಣ್ಯ ಹೊಡೆಸಿದಾಗ ಇಲ್ಲಿನ ಸರಾಫರು ಅದನ್ನು ಕರಗಿಸಿ, ವಿಜಯನಗರದ ಹೊನ್ನು ಹಣಗಳೇ ನಡೆಯುವಂತೆ ನೋಡಿಕೊಂಡರು, ಸುಲ್ತಾನ ಅವರನ್ನು ಕೊಲ್ಲಿಸಿದ ಎಂದು ಇತಿಹಾಸಕಾರ ಫಿರಿಶ್ತಾ ಬರೆಯುತ್ತಾನೆ. ಅವನು ಬರೆದದ್ದು ಎರಡು ಶತಮಾನಗಳಿಗೂ ಹೆಚ್ಚು ಕಾಲ ಕಳೆದ ಮೇಲೆ. ನೆರೆರಾಜರ ಚಿತಾವಣೆ ಎಂದು ಅವನ ಮಾತು. ನನಗೆ ಲಾಭವೇ ಸಾಕಾದ ಕಾರಣವೆಂದು ತೋರುತ್ತದೆ: ನಾಣ್ಯದೊಳಗಿನ ಚಿನ್ನ ಅದರ ಬೆಲೆಗಿಂತ ಹೆಚ್ಚಾಗಿದ್ದರೆ ಅದು ಕುಲುಮೆಗೇ ಹೋಗುತ್ತದೆ.

ಯಾದಗಿರಿಯಿಂದ (ಮೊದಲನೆಯವರು)

ಲಾಭವೊಂದೇ ಎನ್ನಲು ನನ್ನ ಮನಸ್ಸು ಒಪ್ಪುತ್ತಿಲ್ಲ. ಜನರಿಗೆ ಹೊನ್ನಿನ ಮೇಲಿನ ದೇವರ ಚಿತ್ರದ ರೂಢಿ ಇತ್ತು. ಓದಲು ಬಾರದ ಅಕ್ಷರಗಳ ನಾಣ್ಯವನ್ನು ತಕ್ಷಣ ನಂಬಿಯಾರೇ?

ಕಲಬುರಗಿಯಿಂದ

ಅತ್ತೆಗೆ ಓದಿ ಹೇಳಿದೆ. ವಹಿಯನ್ನು ಮತ್ತೆ ತರಿಸಿ ‘ಹಾಲಿ’ ‘ಕಲ್ದಾರ’ ಎಂದಿರುವ ಕಡೆಗಳಲ್ಲೆಲ್ಲ ಏಳು ಆರರ ಲೆಕ್ಕ ಹಾಕುತ್ತಿದ್ದಾರೆ. ಅನುವಾದದಲ್ಲಿ ‘ಹಾಲಿ ಸಿಕ್ಕಾ ರೂ. 700’ ಎಂದು ಹಾಗೆಯೇ ಉಳಿಸುತ್ತೇನೆ. ಒಂದು ಸಂದೇಹ ಉಳಿದಿದೆ: ಮೊಹರಿನ ಅರ್ಥದ ‘ಸಿಕ್ಕಾ’ ನಮ್ಮ ಕನ್ನಡಕ್ಕೆ ಉರ್ದುವಿನಿಂದ ಬಂದದ್ದೇ, ಮರಾಠಿಯ ದಾರಿಯಾಗಿ ಬಂದದ್ದೇ?