ಪದ ಬೇಕು: ಲೋವರ್ ಥರ್ಡ್, ಟೈಟಲ್ ಕಾರ್ಡ್ (ಇಂದು ಸಂಜೆಯೊಳಗೆ)

ಅನುವಾದಕಿ:
ವಿಡಿಯೋ ತಯಾರಕರಿಗಾಗಿ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಲೋವರ್ ಥರ್ಡ್, ಅಂದರೆ ಮಾತಾಡುವವರ ಹೆಸರು, ಹುದ್ದೆ ತೋರಿಸುವ ಪಟ್ಟಿಗೆ ‘ಅಡಿಬರಹ’ ಎನ್ನಬಹುದೇ? ಟೈಟಲ್ ಕಾರ್ಡಿಗೆ? ಫೋನಿನಲ್ಲಿ ಓದಲಾಗುವಂತೆ ಅಕ್ಷರದ ಗಾತ್ರ ಎಷ್ಟಿರಬೇಕು ಎಂಬ ಸಾಲನ್ನೂ ಕನ್ನಡಕ್ಕೆ ಹೊಂದಿಸಬೇಕಾಗಿದೆ. ಮೂಲದಲ್ಲಿ 48 ಪಿಕ್ಸೆಲ್ ಎಂದಿದೆ.

ಹಳೆಗನ್ನಡಿಗ:
ಅಡಿಬರಹ ಬೇಡ, ಅದು ಸಬ್‌ಟೈಟಲ್ಲಿಗೆ ಹೋಗಿಯಾಯಿತು. ‘ಹೆಸರುಪಟ್ಟಿ’ ಎನ್ನಿ. ಪೆಸರ್ ಎಂಬುದೇ ಹೆಸರು ಆದದ್ದು, ಅಚ್ಚಗನ್ನಡ. ಟೈಟಲ್ ಕಾರ್ಡು ‘ತಲೆಬರಹದ ಹಲಗೆ’. ಶೀರ್ಷಿಕೆ ಸಂಸ್ಕೃತ.

ಕತ್ತರಿಗಾರ:
ಗಾತ್ರ ಹಾಗೇ ಇರಲಿ. ಅಕ್ಷರಕ್ಕೆ ದಪ್ಪ ಕಪ್ಪು ಅಂಚು ಕೊಟ್ಟರೆ ಎಲ್ಲಿಯೂ ಕಾಣುತ್ತದೆ.

ಅಕ್ಷರವಿನ್ಯಾಸಿ:
ಕಾಣುವುದು ಬೇರೆ, ಓದಲಾಗುವುದು ಬೇರೆ. 1920 ಪಿಕ್ಸೆಲ್ ಅಗಲದ ಚೌಕಟ್ಟು, ನೆಟ್ಟಗೆ ಹಿಡಿದ ಫೋನಿನಲ್ಲಿ ಸುಮಾರು 360 ಬಿಂದುಗಳ ಅಗಲಕ್ಕೆ ಕುಗ್ಗುತ್ತದೆ. ಆಗ ನಿಮ್ಮ 48 ಉಳಿಯುವುದು 9. ಇಂಗ್ಲಿಷಿಗೆ ಹೇಗೋ ನಡೆದೀತು. ಕನ್ನಡದಲ್ಲಿ ಒತ್ತು ಮುಖ್ಯಾಕ್ಷರಕ್ಕಿಂತ ಚಿಕ್ಕದು, ಮೊದಲು ಅಳಿಯುವುದೇ ಅದು.

‘ರಾಷ್ಟ್ರೀಯ ಸ್ಪರ್ಧೆಯ ತೀರ್ಪುಗಾರ್ತಿ’ ಎಂಬ ಹುದ್ದೆಯನ್ನೇ ತೆಗೆದುಕೊಳ್ಳಿ. ‘ಷ್ಟ್ರೀ’ಯಲ್ಲಿ ಎರಡು ಒತ್ತು. ಹೆಸರಿಗೆ 80, ಹುದ್ದೆಗೆ 60 ಇಡಿ. ಫೋನಿನಲ್ಲಿ 15 ಮತ್ತು 11 ಆಗುತ್ತವೆ. ಸಾಲಿನ ಎತ್ತರ ಅಕ್ಷರದ 1.6 ಪಟ್ಟು ಇರಲಿ, ಇಲ್ಲದಿದ್ದರೆ ಹೆಸರಿನ ಒತ್ತು ಹುದ್ದೆಯ ತಲೆಕಟ್ಟಿಗೆ ತಾಗುತ್ತದೆ. ಎರಡೂ ಸಾಲು ಸೇರಿ 224 ಪಿಕ್ಸೆಲ್, ಅಂದರೆ ಚೌಕಟ್ಟಿನ ಎತ್ತರದ ಐದರಲ್ಲೊಂದು ಪಾಲು. ಅದು ಹೆಚ್ಚೆನಿಸಿದರೆ ಹುದ್ದೆಯನ್ನು ಮೊಟಕುಗೊಳಿಸಿ, ಅಕ್ಷರವನ್ನಲ್ಲ. ‘ತೀರ್ಪುಗಾರ್ತಿ’ ಒಂದೇ ಸಾಕು.

ದಪ್ಪ ಅಂಚು ಒಳಕ್ಕೂ ಬೆಳೆದು ಮ, ಷ, ಥಗಳ ಹೊಟ್ಟೆ ಮುಚ್ಚುತ್ತದೆ. ಧ ಮತ್ತು ದ ಒಂದೇ ಆಗಿ ಕಾಣುತ್ತವೆ. ಅದರ ಬದಲು ಹಿಂದೆ ಮಸುಕು ಕಪ್ಪು ಪಟ್ಟಿ ಹಾಸಿ.

ಹೊಸಬ:
ನನ್ನ ಸಬ್‌ಟೈಟಲ್ಲಿನಲ್ಲೂ ಇದೇ ತೊಂದರೆ. ‘ಸ್ಪರ್ಧೆ’ ಬರೆದರೆ ಸ್ ಬೇರೆ, ಪ ಬೇರೆ ಬೀಳುತ್ತದೆ. ಫಾಂಟ್ ದೊಡ್ಡದು ಮಾಡಲೇ?

ಅಕ್ಷರವಿನ್ಯಾಸಿ:
ಅದು ಗಾತ್ರದ ತೊಂದರೆಯಲ್ಲ. ನಿಮ್ಮ ತಂತ್ರಾಂಶಕ್ಕೆ ಒತ್ತಕ್ಷರ ಜೋಡಿಸಲು ಬರುವುದಿಲ್ಲ, ಯಾವ ಗಾತ್ರಕ್ಕೂ ಹಾಗೇ ಬೀಳುತ್ತದೆ. ಸರಿಯಾಗಿ ಜೋಡಿಸುವ ಬೇರೆ ತಂತ್ರಾಂಶದಲ್ಲಿ ಬರೆದು, ಹಿನ್ನೆಲೆಯಿಲ್ಲದ ಪಿಎನ್‌ಜಿ ಚಿತ್ರವಾಗಿಸಿ ಮೇಲೆ ಕೂರಿಸಿ.

ನಿಘಂಟುಪ್ರಿಯೆ:
‘ಹೆಸರುಪಟ್ಟಿ’ ಎಂದರೆ ಓದುಗರಿಗೆ ಹೆಸರುಗಳ ಸಾಲು, ಹಾಜರಿಯಂಥದ್ದು. ಮೇಲಾಗಿ ‘ಪಟ್ಟಿ’ಯನ್ನು ಸಂಸ್ಕೃತದ ‘ಪಟ್ಟಿಕಾ’ದಿಂದ ಬಂದದ್ದೆನ್ನುವವರಿದ್ದಾರೆ. ಅಚ್ಚಗನ್ನಡದ ಹಟ ಎಲ್ಲಿ ಉಳಿಯಿತು? ‘ಕೆಳಪಟ್ಟಿ’ ಇರಲಿ.

ಹಳೆಗನ್ನಡಿಗ:
ಪಟ್ಟಿ ನಮ್ಮದೇ. ಚರ್ಚೆ ಬೇಡ.

ಕತ್ತರಿಗಾರ:
ಕೆಲಸ ಮಾಡುವ ಕಡೆ ಎಲ್ಲರೂ ‘ಲೋವರ್ ಥರ್ಡ್’ ಎಂದೇ ಹೇಳುವುದು. ಬಸ್ಸು, ಪೆನ್ನು ಒಪ್ಪಿದವರಿಗೆ ಇದೊಂದು ಭಾರವೇ?

ಅಕ್ಷರವಿನ್ಯಾಸಿ:
‘ಕೆಳ’ ಎಂಬುದಕ್ಕೆ ನನ್ನ ತಕರಾರಿದೆ. ಅಗಲಕ್ಕಿಂತ ಎತ್ತರ ಹೆಚ್ಚಿರುವ ವಿಡಿಯೋದಲ್ಲಿ ತಳಭಾಗವನ್ನು ಆ್ಯಪಿನ ಬಟನ್ನು, ವಿವರಣೆ ಮುಚ್ಚುತ್ತವೆ. ಹಾಗಾಗಿ ಪಟ್ಟಿಯನ್ನು ನಡುವಿಗೆ ಏರಿಸಲೇಬೇಕು. ಅಲ್ಲಿ ಅಗಲ 1080 ಮಾತ್ರ, ಕುಗ್ಗುವುದು ಮೂರು ಪಟ್ಟು. ಹುದ್ದೆಗೆ 40 ಇಟ್ಟರೂ 13 ಉಳಿಯುತ್ತದೆ.

ಅನುವಾದಕಿ:
‘ಹೆಸರಿನ ಪಟ್ಟಿ’ ಎಂದು ಬಿಡಿಸಿ ಬರೆದು, ಮೊದಲ ಬಾರಿ ಬಂದಲ್ಲಿ ಲೋವರ್ ಥರ್ಡ್ ಎಂದೂ ಸೇರಿಸುತ್ತೇನೆ. 48ನ್ನು 80 ಮತ್ತು 60 ಎಂದು ತಿದ್ದಿದೆ. ಟೈಟಲ್ ಕಾರ್ಡಿಗೆ ‘ಹಲಗೆ’ ಬಿಟ್ಟು ಬೇರೇನಾದರೂ ಇದೆಯೇ?

ಹಳೆಗನ್ನಡಿಗ:
ಹಲಗೆಗೆ ಏನು ಕೊರತೆ?